ಗೋದಾಮಿಲ್ಲದವನ ಗೋದಾಮು ಬಾಡಿಗೆ

ಬಾಗಲಕೋಟೆಯ ಚಹಾದಂಗಡಿಗಳಲ್ಲಿ ಈಗ ಎರಡು ಬಗೆಯ ಎಣ್ಣೆ ತಜ್ಞರು ಸಿಗುತ್ತಾರೆ. ಒಬ್ಬರು ಮಿರ್ಚಿ ಭಜಿ ಕರಿಯುವವರು. ಎಣ್ಣೆ ಎಷ್ಟು ಕಾದಿದೆ ಎಂಬುದು ಇವರಿಗೆ ಹೊಗೆ ಏಳುವ ಮೊದಲೇ ಗೊತ್ತು. ಇನ್ನೊಬ್ಬರು ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಕಚ್ಚಾತೈಲ ಕೊಳ್ಳುವವರು. ಇವರಿಗೆ ಕೈ ಸುಟ್ಟ ಮೇಲೂ ಗೊತ್ತಾಗುವುದಿಲ್ಲ.

ಈ ಎರಡನೆಯವರ ದೂರು ಒಂದೇ. "ಎಣ್ಣಿ ದರ ಇದ್ದಲ್ಲೇ ಐತ್ರಿ, ನನ್ನ ರೊಕ್ಕ ಮಾತ್ರ ಕರಗೇತಿ. ಯಾರೋ ಹೊಡದಾರ ನೋಡ್ರಿ." ಯಾರೂ ಹೊಡೆದಿಲ್ಲ ಸಾಹೇಬರೇ. ನೀವು ಬಾಡಿಗೆ ಕಟ್ಟಿದ್ದೀರಿ. ನಿಮಗೆ ಗೋದಾಮು ಇಲ್ಲದಿದ್ದರೇನು, ಬಾಡಿಗೆಗೆ ಅದು ಅಡ್ಡಿಯಲ್ಲ.

ಎಣ್ಣೆ ದೂರದ ಮಾತು. ಹುನಗುಂದದ ಎರೆಭೂಮಿಯ ಕಡಲೆಯನ್ನೇ ಹಿಡಿಯೋಣ. ಸುಗ್ಗಿ ಮುಗಿದ ಮಾರ್ಚ್‌ನಲ್ಲಿ ಕ್ವಿಂಟಲ್‌ಗೆ 5,000 ರೂಪಾಯಿ ಎಂದಿಟ್ಟುಕೊಳ್ಳಿ. ಅದೇ ಕಡಲೆಯನ್ನು ಒಂದು ತಿಂಗಳು ಇಟ್ಟುಕೊಂಡು ಮಾರುವ ಅಡತಿಯವನಿಗೆ ನೂರಕ್ಕೆ ಒಂದರಂತೆ ಬಡ್ಡಿ 50 ರೂಪಾಯಿ. ಗೋದಾಮಿನ ಬಾಡಿಗೆ, ವಿಮೆ, ಒಣಗಿ ಇಳಿಯುವ ತೂಕ, ಹುಳ ತಿನ್ನುವ ಪಾಲು ಎಲ್ಲ ಸೇರಿ ಇನ್ನೊಂದು 20. ಹಾಗಾಗಿ ಇವತ್ತೇ ಕರಾರು ಮಾಡಿ ಮುಂದಿನ ತಿಂಗಳು ಕೊಡುವ ಕಡಲೆಗೆ ಅವನು 5,070 ಕೇಳುತ್ತಾನೆ. ದೂರದ ತಿಂಗಳ ಕರಾರು ಹತ್ತಿರದ್ದಕ್ಕಿಂತ ಹೀಗೆ ತುಟ್ಟಿಯಾಗಿದ್ದರೆ ಪೇಟೆಯವರು ಅದನ್ನು ಕಾಂಟ್ಯಾಂಗೊ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಿಲ್ಲ. ಜೋಳವನ್ನು ಹಗೇವಿನಲ್ಲಿ ಹೂಳಿಟ್ಟ ಊರಿನವರಿಗೆ ಕಾಳು ಕಾಯುವುದಕ್ಕೂ ಖರ್ಚಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಈಗ ನಾವೊಂದು ಕಡಲೆ ಫಂಡ್ ತೆರೆಯೋಣ. ನಮ್ಮ ಫಂಡ್ ಚೀಲ ಮುಟ್ಟುವುದಿಲ್ಲ, ಹಮಾಲರೊಡನೆ ಜಗಳವಾಡುವುದಿಲ್ಲ, ಧೂಳಿಗೆ ಕೆಮ್ಮುವುದಿಲ್ಲ. ಒಂದು ತಿಂಗಳ ಕರಾರು ಕೊಳ್ಳುತ್ತದೆ, ಅವಧಿ ಮುಗಿಯುವ ಹೊತ್ತಿಗೆ ಮಾರುತ್ತದೆ, ಮುಂದಿನ ತಿಂಗಳದ್ದು ಕೊಳ್ಳುತ್ತದೆ. ಇದೇ ರೋಲ್‌ಓವರ್. 5,070ರಂತೆ ನೂರು ಕ್ವಿಂಟಲ್‌ಗೆ 5,07,000 ರೂಪಾಯಿ ಹಾಕಿದೆವು. ತಿಂಗಳು ಕಳೆಯಿತು. ಪೇಟೆಯಲ್ಲಿ ಕಡಲೆ ಇನ್ನೂ 5,000. ಕರಾರಿನ ದರ ಅವಧಿಯ ಕೊನೆಗೆ ಪೇಟೆಯ ದರಕ್ಕೇ ಬಂದು ಕೂಡಬೇಕಲ್ಲ, ಕೈಗೆ ಬಂದದ್ದು ಐದು ಲಕ್ಷ. ಮುಂದಿನ ಕರಾರು ಮತ್ತೆ 5,070. ಈಗ ನೂರು ಕ್ವಿಂಟಲ್ ಬರುವುದಿಲ್ಲ, ಸುಮಾರು 98.6 ಬರುತ್ತದೆ. ಹೀಗೆ ಆರು ತಿಂಗಳು ಉರುಳಿಸಿದರೆ ನಮ್ಮ ಹಣ ಸುಮಾರು 4,66,000ಕ್ಕೆ ಇಳಿದಿರುತ್ತದೆ. ಪೇಟೆಯಲ್ಲಿ ಕಡಲೆ ಒಂದು ರೂಪಾಯಿಯೂ ಇಳಿದಿಲ್ಲ, ನಾವು ಮಾತ್ರ ನೂರಕ್ಕೆ ಎಂಟು ಇಳಿದೆವು.

ಇಲ್ಲಿ ಪಂಡಿತರೂ ಎಡವುತ್ತಾರೆ. "ಅಗ್ಗಕ್ಕ ಮಾರಿ ತುಟ್ಟಿಗಿ ಕೊಂಡ್ರ ಲುಕ್ಸಾನ ಆಗಲಾರದ ಏನಾದೀತು?" ಎಂದು ರೋಲ್ ಮಾಡುವ ದಿನವನ್ನೇ ಬೈಯುತ್ತಾರೆ. ಆ ದಿನ ಕಳೆದದ್ದೇನೂ ಇಲ್ಲ. ಐದು ಲಕ್ಷ ಬಂತು, ಐದು ಲಕ್ಷದ ಮಾಲು ಕೊಂಡೆವು. ನಷ್ಟ ಆಗುವುದು ಆಮೇಲೆ, 5,070 ಎಂಬುದು ದಿನಕ್ಕೆರಡು ರೂಪಾಯಿಯಂತೆ 5,000ಕ್ಕೆ ಜಾರುವಾಗ. ಕಳ್ಳನನ್ನು ತಿಂಗಳಿಗೊಮ್ಮೆ ಕಾಯುವವರಿಗೆ ದಿನವೂ ಬರುವವನು ಕಾಣುವುದಿಲ್ಲ.

ಫಂಡ್‌ಗೂ ನ್ಯಾಯ ಹೇಳಬೇಕು. ಕರಾರಿಗೆ ಅದು ಕಟ್ಟುವುದು ಮಾರ್ಜಿನ್ ಅಷ್ಟೇ. ಉಳಿದ ಹಣವನ್ನು ಸರ್ಕಾರಿ ಹುಂಡಿಯಲ್ಲಿಟ್ಟರೆ ಅದಕ್ಕೆ ಬಡ್ಡಿ ಬರುತ್ತದೆ. ನಮ್ಮ ಲೆಕ್ಕದಲ್ಲಿ ಆರು ತಿಂಗಳಿಗೆ ಹದಿನೈದು ಹದಿನಾರು ಸಾವಿರ ಹೀಗೆ ವಾಪಸಾದೀತು. ಅದರಲ್ಲಿ ಫಂಡಿನವರು ತಮ್ಮ ಶುಲ್ಕ ಮುರಿದುಕೊಂಡ ಮೇಲೆ ಉಳಿದದ್ದು ನಿಮ್ಮದು. ಗೋದಾಮಿನ ಬಾಡಿಗೆ, ಹುಳದ ಪಾಲು ಮಾತ್ರ ತಿರುಗಿ ಬರುವುದಿಲ್ಲ. ಅದು ಅಡತಿಯವನ ಗಳಿಕೆ. ಅವನು ಇವತ್ತು ಪೇಟೆಯಲ್ಲಿ ಕೊಂಡು, ಮುಂದಿನ ಕರಾರನ್ನು ನಿಮಗೆ ಮಾರಿ, ಗೋದಾಮಿಗೆ ಬೀಗ ಹಾಕಿ ಮಲಗುತ್ತಾನೆ. ಎಚ್ಚರ ಇರಬೇಕಾದವರು ನೀವು.

ಬಾದಾಮಿಯ ಬನಶಂಕರಿ ಜಾತ್ರೆಯ ಹೊತ್ತಿಗೆ ಕಥೆ ತಿರುಗಬಹುದು. ಹಳೆ ಮಾಲು ಮುಗಿದಿದೆ, ಹೊಸದು ಹೊಲದಲ್ಲಿದೆ, ಬೇಳೆ ಮಿಲ್ಲಿನವನಿಗೆ ಇವತ್ತೇ ಬೇಕು. ಇವತ್ತಿನ ಕಡಲೆ 6,000, ಮಾರ್ಚ್ ಕರಾರು 5,400. ಇದು ಬ್ಯಾಕ್‌ವರ್ಡೇಷನ್. ಈಗ ಫಂಡ್ ತುಟ್ಟಿಗೆ ಮಾರಿ ಅಗ್ಗಕ್ಕೆ ಕೊಳ್ಳುತ್ತದೆ, ಕ್ವಿಂಟಲ್ ಲೆಕ್ಕ ಹೆಚ್ಚುತ್ತದೆ. ಏಜೆಂಟರು ಇದನ್ನು "ರೋಲ್ ಲಾಭ" ಎಂದು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸುತ್ತಾರೆ. ಆದರೆ ಮಾರ್ಚ್‌ನಲ್ಲಿ ಹೊಸ ಕಡಲೆ ಬಂದು ದರ ನಿಜಕ್ಕೂ 5,400ಕ್ಕೆ ಇಳಿದರೆ ಲಾಭ ಸೊನ್ನೆ. ಇಳಿಯಬೇಕಾದಷ್ಟು ಇಳಿಯದಿದ್ದರೆ ಮಾತ್ರ ನಿಮಗೆ ಸಿಗುವುದು. ಸುಗ್ಗಿ ಬರುವುದು ಪೇಟೆಗೆ ನಿಮಗಿಂತ ಮೊದಲೇ ಗೊತ್ತು.

ಅಂದಹಾಗೆ, ಈ ಕಡಲೆ ಲೆಕ್ಕವನ್ನು ಪರದೆಯ ಮೇಲೆ ನೋಡಬೇಕೆಂದರೆ ಕಷ್ಟ. 2021ರ ಆಗಸ್ಟ್‌ನಲ್ಲಿ ಸೆಬಿ ಕಡಲೆಯ ಹೊಸ ವಾಯಿದೆ ಕರಾರುಗಳನ್ನು ನಿಲ್ಲಿಸಿತು. ಡಿಸೆಂಬರ್‌ನಲ್ಲಿ ಗೋಧಿ, ಭತ್ತ, ಹೆಸರು, ಸೋಯಾ ಮುಂತಾದವನ್ನೂ ಸೇರಿಸಿತು, ಆಮೇಲೆ ತಡೆಯನ್ನು ಮತ್ತೆ ಮತ್ತೆ ಮುಂದುವರಿಸಿತು. ದರ ಏರುತ್ತಿದೆ ಎಂದು ದರ ತೋರಿಸುವ ಹಲಗೆಯನ್ನೇ ಇಳಿಸಿದ್ದು. ಬೆಳೆದ ರೈತನಿಗೆ ಮುಂದಿನ ತಿಂಗಳ ದರ ಕಾಣದು. ಕಂಡೇ ಇಲ್ಲದ ಎಣ್ಣೆಯ ಮುಂದಿನ ತಿಂಗಳ ದರ ಮಾತ್ರ ಇಳಕಲ್ಲಿನ ಮಗ್ಗದ ಪಕ್ಕದ ಮೊಬೈಲಿನಲ್ಲೂ ಮಿನುಗುತ್ತದೆ.

ಆ ಎಣ್ಣೆ 2020ರಲ್ಲಿ ಮಾಡಿದ್ದನ್ನು ನೆನಪಿಸಬೇಕು. ಲಾಕ್‌ಡೌನಿನಲ್ಲಿ ವಾಹನಗಳು ನಿಂತವು, ಅಮೆರಿಕದ ಕುಶಿಂಗ್ ಊರಿನ ಟ್ಯಾಂಕುಗಳು ತುಂಬತೊಡಗಿದವು. ಇಳಕಲ್ಲಿನ ಕೆಂಪು ಗ್ರಾನೈಟ್ ಆಗಿದ್ದರೆ ಬಯಲಿನಲ್ಲಿ ಬಿಸಾಡಿ ಬರಬಹುದಿತ್ತು, ಎಣ್ಣೆಗೆ ಆ ಸೌಕರ್ಯವಿಲ್ಲ. ಇಡಲು ಜಾಗವಿದ್ದಾಗ ಎರಡು ತಿಂಗಳ ದರಗಳ ಅಂತರ ಬಡ್ಡಿ ಬಾಡಿಗೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಜಾಗ ಮುಗಿದರೆ ಆ ಅಂತರಕ್ಕೆ ಕಡಿವಾಣವಿಲ್ಲ. ಏಪ್ರಿಲ್ 20ರಂದು ಅಲ್ಲಿನ ಮೇ ಕರಾರು ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಮುಗಿಯಿತು, ಜೂನ್ ಕರಾರು 20 ಡಾಲರ್ ಮೇಲೆಯೇ ಇತ್ತು. ನಮ್ಮ ಎಂಸಿಎಕ್ಸ್ ಆ ದಿನಗಳಲ್ಲಿ ಸಂಜೆ ಐದಕ್ಕೇ ಬಾಗಿಲು ಹಾಕುತ್ತಿತ್ತು. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಬಿಟ್ಟು ಮಲಗಿದವರ ಕರಾರು ಮೈನಸ್ 2,884 ರೂಪಾಯಿಗೆ ಇತ್ಯರ್ಥವಾಯಿತು. ನೂರು ಬ್ಯಾರೆಲ್ಲಿನ ಒಂದು ಲಾಟಿಗೆ ಹಾಕಿದ್ದೂ ಹೋಯಿತು, ಮೇಲೆ 2,88,400 ರೂಪಾಯಿ ಕಟ್ಟುವುದೂ ಬಂತು.

ಅಮೆರಿಕದ ದೊಡ್ಡ ಎಣ್ಣೆ ಫಂಡ್ ಯುಎಸ್‌ಒ ಜಾಣತನ ಮಾಡಿ ಮೇ ಕರಾರಿನಿಂದ ಮೊದಲೇ ಹೊರಬಿದ್ದಿತ್ತು. ಮೈನಸ್ ತಪ್ಪಿತು, ಬಾಡಿಗೆ ತಪ್ಪಲಿಲ್ಲ. ಆ ವರ್ಷ ಕಚ್ಚಾತೈಲ ಸುಮಾರು ಐದರಲ್ಲೊಂದು ಪಾಲು ಇಳಿಯಿತು, ಫಂಡ್ ಮೂರರಲ್ಲಿ ಎರಡು ಪಾಲು ಇಳಿಯಿತು. ಮಧ್ಯದಲ್ಲಿ ಎಂಟು ಯೂನಿಟ್ ಸೇರಿಸಿ ಒಂದು ಮಾಡಿ ಬೆಲೆಯನ್ನು ಎತ್ತರವಾಗಿ ಕಾಣಿಸಿದ್ದೂ ಆಯಿತು.

ಆದ್ದರಿಂದ ಸರಕಿನ ಫಂಡ್ ಮಾರಲು ಬಂದವರನ್ನು ಕೂಡಿಸಿ ಚಹಾ ಕೊಡಿ, ಎರಡು ಪ್ರಶ್ನೆ ಕೇಳಿ. ನಿಮ್ಮ ಫಂಡ್ ಮಾಲು ಇಟ್ಟುಕೊಳ್ಳುತ್ತದೋ, ಕರಾರು ಉರುಳಿಸುತ್ತದೋ? ನಮ್ಮ ಚಿನ್ನದ ಇಟಿಎಫ್‌ಗಳು ಮುಖ್ಯವಾಗಿ ಗಟ್ಟಿ ಚಿನ್ನವನ್ನೇ ಇಟ್ಟುಕೊಳ್ಳುತ್ತವೆ, ಅಲ್ಲಿ ಈ ರಾಮಾಯಣ ಕಡಿಮೆ. ಉರುಳಿಸುತ್ತದೆ ಎಂದರೆ ಈ ತಿಂಗಳ ಮತ್ತು ಮುಂದಿನ ತಿಂಗಳ ದರ ಬರೆಸಿಕೊಳ್ಳಿ, ವ್ಯತ್ಯಾಸವನ್ನು ಹನ್ನೆರಡರಿಂದ ಗುಣಿಸಿ. ಪೇಟೆ ವರ್ಷಕ್ಕೆ ಅಷ್ಟು ಏರಿದರೆ ನೀವು ಇದ್ದಲ್ಲೇ ಇರುತ್ತೀರಿ. ಏಜೆಂಟರು ಆ ಎರಡನೆಯ ದರ ಹೇಳಲು ತಡವರಿಸಿದರೆ ಚಹಾದ ದುಡ್ಡು ನೀವೇ ಕೊಟ್ಟು ಕಳಿಸಿ. ಅದು ಅಗ್ಗ.