ಮೂರು ಸೆಕೆಂಡಿನ ಮಳೆಕವಿ

ಕೇರಳಕ್ಕೆ ಮುಂಗಾರು ಕಾಲಿಟ್ಟಿತು ಎಂದು ಟಿವಿಯವರು ಹೇಳಿದ ಮರುದಿನವೇ ಬಾಗಲಕೋಟೆಗೆ ಮಳೆಕವಿ ಬರುತ್ತಾನೆ. ಮಳೆ ಬರುವುದು ಆಮೇಲೆ. ಬಹಳ ಆಮೇಲೆ. ನಮ್ಮ ಜಿಲ್ಲೆಗೆ ವರ್ಷವಿಡೀ ಬೀಳುವುದೇ ಸುಮಾರು 600 ಮಿಲಿಮೀಟರ್. ಅದರಲ್ಲೂ ಜೋರು ಮಳೆಯೆಂದರೆ ಸೆಪ್ಟೆಂಬರಿನ ಹುಬ್ಬಿ, ಉತ್ತರಿಗಳದು. ಜೂನ್, ಜುಲೈನಲ್ಲಿ ನಮಗೆ ಸಿಗುವುದು ಮೋಡ, ಗಾಳಿ, ಒಣಹಾಕಿದ ಬಟ್ಟೆ ಒಳಗೆ ತರುವಷ್ಟರಲ್ಲಿ ನಿಂತುಬಿಡುವ ನಾಲ್ಕು ಹನಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಕೊಡದಲ್ಲಿ ನೀರು ತಂದು ಮಣ್ಣು ಹದ ಮಾಡಿಕೊಂಡ ವರ್ಷಗಳೂ ಇವೆ.

ಇಂಥ ಊರಿನಲ್ಲಿ ಕುಳಿತು ಅವನು ಮಳೆಯ ನೆನಪಿನ ಕವಿತೆ ಮಾಡುತ್ತಾನೆ. ಬರೆಯುತ್ತಾನೆ ಎಂದರೆ ಅವನಿಗೆ ಸಿಟ್ಟು. ಇದು ಹೇಳುವ ಕವಿತೆ, ಮೊಬೈಲಿನಲ್ಲಿ ನೋಡುವಂಥದ್ದು, ಒಂದೂವರೆ ನಿಮಿಷ. ಹುನಗುಂದದಲ್ಲೊಬ್ಬ ಎರೆಹೊಲದ ಬಿರುಕಿನ ಮೇಲೆ ನಿಂತು ‘ಜಡಿಮಳೆ’ ಎನ್ನುತ್ತಿರುತ್ತಾನೆ, ಇಲಕಲ್ಲಿನಲ್ಲೊಬ್ಬ ಕಣ್ಣು ಅರ್ಧ ಮುಚ್ಚಿ ‘ನೆನಪಿದೆಯಾ’ ಎಂದು ಶುರು ಮಾಡುತ್ತಾನೆ. ಕಪ್ಪು ಜುಬ್ಬ, ಹಿಂದೊಂದು ಕೊಳಲು, ಹಬೆಯಾಡುವ ಚಹಾ ಎಲ್ಲರಿಗೂ ಸಮಾನ. ಎಲ್ಲರ ಚಿತ್ರದಲ್ಲೂ ಅದೇ ಹಂಚಿನ ಮನೆ, ಅದೇ ಅಡಿಕೆ ತೋಟ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಮಳೆಯನ್ನು ನಮ್ಮ ಹುಡುಗರು ಬಡ್ಡಿಯಿಲ್ಲದ ಸಾಲ ತಂದಿದ್ದಾರೆ.

ನನ್ನ ಪಾಲಿಗೆ ಬಂದವನು ನವನಗರದ ಪಕ್ಕದ ಮನೆಯ ಹುಡುಗ. ನನ್ನನ್ನು ಕಾಕಾ ಎನ್ನುತ್ತಾನೆ, ನನ್ನ ಹೆಂಡತಿಯನ್ನು ಕಾಕೂ. ಈ ಸಂಬಂಧದ ಬಲದ ಮೇಲೆ ನಮ್ಮ ಮನೆಯ ಡ್ರಮ್ಮು, ಪೈಪು, ಏಣಿ ಮತ್ತು ನಾನು ಅವನ ಕವಿತೆಯ ಸಾಮಾನುಗಳಾಗಿದ್ದೇವೆ.

ಮಳೆಯನ್ನು ಕ್ಯಾಮರಾದಲ್ಲಿ ಹಿಡಿಯುವುದು ಕಷ್ಟ ಎಂದು ನನಗೆ ತಿಳಿದದ್ದು ಅವನಿಂದಲೇ. ಬೆಳಕು ನಮ್ಮ ಬೆನ್ನ ಹಿಂದಿದ್ದರೆ ಹನಿ ಕಾಣುವುದೇ ಇಲ್ಲ; ಮನುಷ್ಯ ಸುಮ್ಮನೆ ಬೆವತು ನಿಂತಂತೆ ತೋರುತ್ತಾನೆ. ಬಿಳಿ ಮೋಡ ಹಿಂದಿದ್ದರೂ ಅಷ್ಟೇ. ಬೆಳಕು ಮಳೆಯ ಆಚೆಯಿಂದ ನಮ್ಮತ್ತ ಬರಬೇಕು, ಹನಿಯ ಹಿಂದೆ ಕತ್ತಲಿರಬೇಕು. ಆಗ ಒಂದೊಂದು ಹನಿಯೂ ಗೆರೆಯಾಗುತ್ತದೆ. ಅದಕ್ಕಾಗಿ ಒಂದು ರಾತ್ರಿ ನಮ್ಮ ಹಿತ್ತಲಿನಲ್ಲಿ ಬೈಕಿನ ಹೆಡ್‌ಲೈಟು ಓರೆಯಾಗಿ ಹಚ್ಚಿ, ನನ್ನನ್ನು ಏಣಿ ಹತ್ತಿಸಿ, ತೂತಿನ ಪೈಪು ಹಿಡಿಸಿ, ಎರಡು ದಿನದ ನೀರನ್ನು ಆಷಾಢದ ಹೆಸರಿನಲ್ಲಿ ಚೆಲ್ಲಿಸಿದ. ‘ಕಾಕಾ, ಸಣ್ಣಗ ಬಿಡ್ರಿ, ಇದು ಪುಷ್ಯಾ ಮಳಿ’ ಎಂದು ಕೆಳಗಿನಿಂದ ಕೂಗುತ್ತಿದ್ದ. ಒಳಗಿನಿಂದ ನನ್ನ ಹೆಂಡತಿ ಕೂಗಿದ್ದನ್ನು ಬರೆಯಲಾರೆ.

ಸದ್ದಿನದು ಬೇರೆಯೇ ಕತೆ. ತಗಡಿನ ಮೇಲಿನ ಮಳೆಯನ್ನು ಮೊಬೈಲಿನಲ್ಲಿ ಹಿಡಿದರೆ ಗಿರಣಿ ತಿರುಗಿದಂತೆ ಬರುತ್ತದೆ, ಮಾತು ಅದರಲ್ಲಿ ಮುಳುಗುತ್ತದೆ. ಆದ್ದರಿಂದ ಮಾತು ಬೇರೆ, ಮಳೆ ಬೇರೆ ಹಿಡಿದು ಆಮೇಲೆ ಕೂಡಿಸಬೇಕು. ದೂರದ ಮಳೆಯ ಸದ್ದೆಂದರೆ ಸಾವಿರಾರು ಸಣ್ಣ ಚಟಚಟ. ಕಾದ ಎಣ್ಣೆಯಲ್ಲಿ ಗುಳ್ಳೆ ಒಡೆಯುವುದೂ ಹಾಗೆಯೇ. ಅವನ ಮೊದಲ ಮಳೆಗೆ ನಮ್ಮ ಮನೆಯ ಮಿರ್ಚಿ ಭಜಿಯ ಬಾಣಲಿಯೇ ಆಕಾಶ. ಕೇಳಿದವರೆಲ್ಲ ಕಣ್ಣೊದ್ದೆ ಮಾಡಿಕೊಂಡರು. ಭಜಿ ತಿಂದವರು ನಾವಿಬ್ಬರೇ.

ಇದನ್ನೆಲ್ಲ ನಾನು ಸಹಿಸಬಲ್ಲೆ. ಸಹಿಸಲಾಗದ್ದು ಅವನ ವಿರಾಮ.

ಅವನ ಬಳಿ ಒಂದು ನೋಟುಬುಕ್ಕಿದೆ. ಪುಟದ ನಡುವೆ ಉದ್ದ ಗೆರೆ. ಎಡಕ್ಕೆ ಮಾತು, ಬಲಕ್ಕೆ ಚಿತ್ರ. ಮಾತಿನ ಕೆಳಗೆ ಸೆಕೆಂಡುಗಳು. ಈ ರೋಗ ನಿತ್ಯದ ಮಾತಿಗೂ ಹತ್ತಿದೆ. ‘ಕಾಕಾ, ನಿಮ್ಮ ಗಾಡಿ...’ ಎಂದು ನಿಲ್ಲಿಸಿ ಕಿಟಕಿಯಾಚೆ ನೋಡುತ್ತಾನೆ. ಕಳವಾಯಿತೋ, ಸುಟ್ಟಿತೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತದೆ. ಮೂರು ಸೆಕೆಂಡು ಕಳೆದ ಮೇಲೆ, ‘...ಸ್ವಲ್ಪ ಕೊಡ್ತೀರೇನ್ರಿ?’

ಆದರೆ ಆ ನೋಟುಬುಕ್ಕಿನ ಒಂದು ಪುಟ ನೋಡಿದ ಮೇಲೆ ನನಗೆ ಅವನನ್ನು ಪೂರ್ತಿ ಬಯ್ಯಲಾಗುತ್ತಿಲ್ಲ. ಹಳೆ ಬಾಗಲಕೋಟೆಯ ಅವರ ಅಜ್ಜಿಯ ಮನೆ ಮಣ್ಣಿನ ಮಾಳಿಗೆಯದಾಗಿತ್ತು. ಬೇಸಿಗೆಯಲ್ಲಿ ಹಾಳಮಣ್ಣು ಹಾಕಿ ತುಳಿದರೂ ಮಳೆಗೆ ಎಲ್ಲೋ ಒಂದು ಕಡೆ ಸೋರುವುದೇ. ಶಿಶುನಾಳ ಶರೀಫರೇ ಸೋರುವ ಮಾಳಿಗೆಯ ಮೇಲೆ ಪದ ಕಟ್ಟಿದ್ದಾರೆಂದಮೇಲೆ ನಮ್ಮ ಕಡೆ ಅದು ಎಷ್ಟು ಮಾಮೂಲು ಎಂದು ಬೇರೆ ಹೇಳಬೇಕಿಲ್ಲ. ಅವನ ಮೊದಲ ಕರಡು ಹೀಗಿತ್ತು:

ಮಳಿ ಬಂದ್ರ ಮಾಳಿಗಿ ಸೋರತಿತ್ತು
ಅಜ್ಜಿ ಹನಿ ಬೀಳೋ ಕಡೆ ಬೋಗಾಣಿ ಇಡತಿದ್ದಳು

ಬಲಗಡೆ: ಮಾಳಿಗೆ, ಹನಿ, ಬೋಗಾಣಿ. ಕಿವಿ ಕೇಳಿದ್ದನ್ನೇ ಕಣ್ಣು ನೋಡುತ್ತದೆ. ನೋಡುವವನಿಗೆ ಮಾಡಲು ಕೆಲಸವೇ ಇಲ್ಲ. ಬೆರಳು ಮುಂದಿನ ವಿಡಿಯೋಕ್ಕೆ ಹೋಗುತ್ತದೆ. ಇದನ್ನು ಹೊಡೆದುಹಾಕಿ ಅವನು ಬರೆದದ್ದು:

ಪಡಸಾಲ್ಯಾಗ ಒಂದು.
(ಎರಡು ಸೆಕೆಂಡು: ತಾಮ್ರದ ಕೊಡ, ಒಂದು ಹನಿ)
ಅಡಗಿಮನ್ಯಾಗ ಒಂದು.
(ಒಂದೂವರೆ: ಬೋಗಾಣಿ, ಹನಿ)
ಅಪ್ಪನ ಹಾಸಿಗಿ ಮ್ಯಾಲ
(ಮೂರು: ತಂಬಿಗೆ ಮಾತ್ರ. ಹನಿ ಕಾಣಬಾರದು, ಸಪ್ಪಳ ಕೇಳಬೇಕು)
ಅಪ್ಪ ಅಲ್ಲೇ ಮಲಗತಿದ್ದ.

ಮಳೆ ಎಂಬ ಮಾತಿಲ್ಲ, ಪಾತ್ರೆಯ ಹೆಸರಿಲ್ಲ, ಸೋರುವ ಸುದ್ದಿಯಿಲ್ಲ. ‘ಒಂದು’ ಅಂದರೆ ಏನು ಎಂಬ ಪ್ರಶ್ನೆಗೆ ಚಿತ್ರ ಉತ್ತರ ಕೊಡುತ್ತದೆ. ಅದಕ್ಕೆಂದೇ ಚಿತ್ರ ಮಾತಿನ ಹಿಂದೆ ಅರ್ಧ ಸೆಕೆಂಡು ತಡವಾಗಿ ಬರಬೇಕಂತೆ. ಮೊದಲೇ ಬಂದರೆ ಮಾತು ವಿವರಣೆಯಾಗಿಬಿಡುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ಲ, ಅದರ ಮುಂಚೆಯೇ ಸಾಲು ಮುರಿದರೆ ಕೇಳುವವನ ಕಾಲು ಎತ್ತಿದಲ್ಲೇ ನಿಲ್ಲುತ್ತದೆ. ‘ಹಾಸಿಗಿ ಮ್ಯಾಲ’ ಎಂದು ಬಿಟ್ಟದ್ದು ಹಾಗೆ. ಮೂರನೆಯ ಹನಿಯನ್ನು ಬಚ್ಚಿಟ್ಟದ್ದೂ ಲೆಕ್ಕದಿಂದಲೇ: ಎರಡು ಸಲ ನೋಡಿದ ಕಣ್ಣು ಮೂರನೆಯದನ್ನು ತಾನೇ ಬೀಳಿಸಿಕೊಳ್ಳುತ್ತದೆ.

ವಿರಾಮದಲ್ಲಿ ಸದ್ದು ಪೂರ್ತಿ ಸಾಯಬಾರದು. ಸತ್ತರೆ ನೋಡುವವನು ನೆಟ್‌ವರ್ಕ್ ಹೋಯಿತೆಂದು ತಿಳಿದು ಮುಂದೆ ಸರಿಸುತ್ತಾನೆ. ಆದ್ದರಿಂದ ಮಾತು ಹಿಡಿದ ಕೋಣೆಯಲ್ಲೇ ಯಾರೂ ಉಸಿರೆತ್ತದೆ ಅರ್ಧ ನಿಮಿಷ ಖಾಲಿ ಕೋಣೆಯನ್ನೂ ಹಿಡಿದು, ವಿರಾಮವಿದ್ದಲ್ಲಿ ಅದನ್ನೇ ತುಂಬುತ್ತಾರೆ. ಆ ಅರ್ಧ ನಿಮಿಷ ನನ್ನ ಹೆಂಡತಿ ಬಾಯಿ ಮುಚ್ಚಿ ಕೂತದ್ದು ನಮ್ಮ ಸಂಸಾರದ ದಾಖಲೆ. ಅಕ್ಷರಗಳದೂ ಒಂದು ತಕರಾರು. ಸದ್ದಿಲ್ಲದೆ ನೋಡುವವರಿಗಾಗಿ ಸಾಲುಗಳನ್ನು ಪರದೆಯ ಮೇಲೆ ಹಾಕುತ್ತಾರಲ್ಲ, ಎರಡು ಸಾಲು ಒಟ್ಟಿಗೆ ಹಾಕಿದರೆ ‘ಅಪ್ಪ ಅಲ್ಲೇ ಮಲಗತಿದ್ದ’ ಎಂಬುದನ್ನು ಕಣ್ಣು ಮೊದಲೇ ಓದಿ ಮುಗಿಸಿ, ಮೂರು ಸೆಕೆಂಡಿನ ತಪಸ್ಸು ವ್ಯರ್ಥ.

ಇಷ್ಟೆಲ್ಲ ಲೆಕ್ಕ ಹಾಕಿದವನು ಇಲಕಲ್ಲಿನ ಒಂದು ಸಭೆಯಲ್ಲಿ ಮುಗ್ಗರಿಸಿದ. ಹಿಂದೆ ಪರದೆಯ ಮೇಲೆ ವಿಡಿಯೋ, ಮುಂದೆ ಇವನ ಬಾಯಿ. ಮನೆಯಲ್ಲಿ ಹತ್ತಾರು ಸಲ ಹೊಂದಿಸಿದ್ದ. ‘ಪಡಸಾಲ್ಯಾಗ ಒಂದು’ ಎಂದು ನಿಂತ. ನಮ್ಮ ಜನಕ್ಕೆ ನಿಂತ ಕವಿಯನ್ನು ಕಂಡರೆ ಕರುಣೆ ಉಕ್ಕುತ್ತದೆ. ಮರೆತನೆಂದು ಮುಂದಿನ ಸಾಲಿನ ಹಿರಿಯರು ‘ಏನ್ ಒಂದು? ಬೆಕ್ಕೇನು?’ ಎಂದು ನೆನಪು ಮಾಡಿಕೊಟ್ಟರು. ನಗೆ. ಅದು ಇಳಿಯುವುದರೊಳಗೆ ಯಾರೋ ಮುಗಿಯಿತೆಂದು ಚಪ್ಪಾಳೆ. ಸಭೆಗಾಗಿ ಇವನು ಕಾದ, ವಿಡಿಯೋ ಕಾಯಲಿಲ್ಲ. ಇವನು ಅಡುಗೆಮನೆಗೆ ಬರುವಷ್ಟರಲ್ಲಿ ಪರದೆಯ ಮೇಲೆ ಹಾಸಿಗೆಯ ತಂಬಿಗೆ. ‘ಅಪ್ಪನ ಹಾಸಿಗಿ ಮ್ಯಾಲ’ ಎಂದಾಗ ಬಾದಾಮಿಯ ಅಕ್ಕ-ತಂಗಿ ಜಲಪಾತ ಬಂಡೆಯಿಂದ ಧುಮ್ಮಿಕ್ಕಿತು. ‘ಅಪ್ಪ ಅಲ್ಲೇ ಮಲಗತಿದ್ದ’ ಎಂದದ್ದಕ್ಕೆ ಸಿಕ್ಕಿದ ನಗೆಯನ್ನು ಅವನು ಇನ್ನೂ ಮರೆತಿಲ್ಲ.

ಈಗ ಅವನು ಸಭೆಗೆ ಒಂದೇ ಉದ್ದ ವಿಡಿಯೋ ಒಯ್ಯುವುದಿಲ್ಲ. ವಿರಾಮವಿದ್ದಲ್ಲೆಲ್ಲ ತುಂಡು ಮಾಡಿ, ಪ್ರತಿ ತುಂಡಿನ ಕೊನೆಯ ಚಿತ್ರ ಹಾಗೇ ನಿಲ್ಲುವಂತೆ ಮಾಡಿ, ಕೈಯಲ್ಲೊಂದು ಗುಂಡಿ ಹಿಡಿದು ತಾನೇ ಮುಂದೂಡುತ್ತಾನೆ. ಸಭೆ ನಕ್ಕಷ್ಟು ಹೊತ್ತು ಕೊಡ ಕಾಯುತ್ತದೆ.

ಅದೇ ಇಲಕಲ್ಲಿನಲ್ಲಿ ಕೆಳಗಿಳಿದ ಮೇಲೆ ಒಬ್ಬ ಮುದುಕ ನೇಕಾರರು ಅವನ ಕೈ ಹಿಡಿದರು. ‘ತಮ್ಮಾ, ಮಳಿ ಅಂದ್ರ ನಮಗ ಮಗ್ಗದ ಕುಣ್ಯಾಗ ನೀರು ಜಿನಗತೈತಿ. ಕಾಲಿಡಾಕ ಬರೂದಿಲ್ಲ. ಗಂಜಿ ಕೊಟ್ಟ ನೂಲು ಒಣಗೂದಿಲ್ಲ. ನಿನ್ನ ಪದದಾಗ ಅದ್ಯಾಕ ಇಲ್ಲ?’ ಕವಿ ಉತ್ತರ ಕೊಡಲಿಲ್ಲ. ಅದೊಂದು ವಿರಾಮ ಮಾತ್ರ ನೋಟುಬುಕ್ಕಿನದಲ್ಲ.

ಅವನ ಅಜ್ಜಿಯದೂ ಅದೇ ಧಾಟಿ. ‘ಸೋರೂದು ಏನ್ ಚೆಂದ ಐತೋ? ರಾತ್ರಿಯೆಲ್ಲಾ ಕೊಡದಾಗಿನ ನೀರು ಚೆಲ್ಲಿದಾಕಿ ನಾನು’ ಎನ್ನುತ್ತಾರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿ, ಹೊಳೆದಂಡೆಯ ಮಣ್ಣಿನ ಮನೆಗಳು ಕುಸಿದಾಗ ಯಾರಿಗೂ ಕೊಳಲು ಕೇಳಿಸಲಿಲ್ಲ. ನೆನಪು ಸಿಹಿಯಾಗಬೇಕಾದರೆ ಮೊದಲು ಮೇಲೆ ಆರ್‌ಸಿಸಿ ಬೀಳಬೇಕೋ ಏನೋ.

ಆದರೂ ಹುಡುಗ ಒಂದನ್ನು ಸರಿಯಾಗಿ ಹಿಡಿದ. ಕಳೆದ ಸಲ ಆಗುಂಬೆಯ ಚಿತ್ರ ಬಿಟ್ಟು ಹಳೆ ಊರಿಗೆ ಹೋದ. ಅಜ್ಜಿಯ ಮನೆಯಿದ್ದ ಓಣಿ ಈಗ ಆಲಮಟ್ಟಿಯ ಹಿನ್ನೀರಿನಲ್ಲಿದೆ. ನಮ್ಮಲ್ಲಿ ಹನಿ ಬೀಳದಿದ್ದರೂ ಸಹ್ಯಾದ್ರಿಯಲ್ಲಿ ಮಳೆಯಾದರೆ ಕೃಷ್ಣೆ, ಘಟಪ್ರಭೆ ತುಂಬಿ ಬಂದು, ಜಲಾಶಯ ಏರಿ, ನೀರು ಬಿಸಿಲಿನಲ್ಲೇ ಮೆಟ್ಟಿಲು ಹತ್ತುತ್ತದೆ. ಅವನು ಅದನ್ನೇ ಹಿಡಿದ: ಮೇಲೆ ಒಣ ಆಕಾಶ, ಕೆಳಗೆ ಏರಿದ ನೀರು. ಅದರ ಮೇಲೆ ‘ಪಡಸಾಲ್ಯಾಗ ಒಂದು, ಅಡಗಿಮನ್ಯಾಗ ಒಂದು’ ಎಂಬ ಅದೇ ಮಾತು. ಪಾತ್ರೆಗಳ ಚಿತ್ರವೇ ಇಲ್ಲ. ಮನೆಯೊಳಗೆ ನೀರು ಬರುವ ಬಗೆ ಅಷ್ಟರಮಟ್ಟಿಗೆ ಬದಲಾಗಿದೆ. ಅಜ್ಜಿ ಎರಡು ಸಲ ನೋಡಿ, ‘ಪಡಸಾಲಿ ಇನ್ನೂ ಎಡಕ್ಕ ಇತ್ತಲೇ’ ಎಂದರು.

ಇದು ಬಾಗಲಕೋಟೆಯ ಮಳೆಯ ಕವಿತೆ. ಅಡಿಕೆ ತೋಟದವರು ಮಾಡಲಾರರು.

ಈ ಸಲ ಹಸ್ತಾ ಮಳೆಗೆ ಹೊಸದೊಂದು ಬರುತ್ತಿದೆಯಂತೆ. ಡ್ರಮ್ಮು ಆಗಲೇ ಕೇಳಿಟ್ಟಿದ್ದಾನೆ. ನಿಮ್ಮ ಊರಿನ ಸಭೆಗೂ ಬಂದಾನು. ನಡುವೆ ಸುಮ್ಮನಾದರೆ ಮುಗಿಯಿತೆಂದು ಚಪ್ಪಾಳೆ ತಟ್ಟಬೇಡಿ, ಮುಂದಿನ ಶಬ್ದ ನೆನಪು ಮಾಡಿಕೊಡಲೂ ಹೋಗಬೇಡಿ. ಮನಸ್ಸಿನಲ್ಲಿ ಮೂರರ ತನಕ ಎಣಿಸಿ. ಆಮೇಲೂ ಬಾಯಿ ಬಿಡದಿದ್ದರೆ ಕರೆಂಟು ಹೋಗಿದೆ ಎಂದು ತಿಳಿಯಿರಿ.