ಭೂತಗನ್ನಡಿ ರಾಯರು

ಜಾಲಹಳ್ಳಿ ಸುತ್ತಮುತ್ತಲ ಯಾವ ಬೀದಿಗೆ ಹೋದರೂ ಇವರು ಸಿಗುತ್ತಾರೆ. ಹೆಸರು ಬೇರೆ ಇರಬಹುದು, ಭೂತಗನ್ನಡಿ ಮಾತ್ರ ಅದೇ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಕೈಹಿಡಿದು ಬೆಂಗಳೂರಿನಲ್ಲಿ ವಾಚ್ ಮಾಡಲು ಶುರುಮಾಡಿತು. ಆಮೇಲೆ ಆ ಕಾರ್ಖಾನೆಯ ಅಸೆಂಬ್ಲಿ ಸೆಕ್ಷನ್‌ನಲ್ಲಿ ಕಣ್ಣಿಗೆ ಲೂಪ್ ಸಿಕ್ಕಿಸಿಕೊಂಡು ಕೂತವರಲ್ಲಿ ನಮ್ಮ ಬೀದಿಯ ರಾಯರೂ ಒಬ್ಬರು. ವಿಆರ್‌ಎಸ್ ತೆಗೆದುಕೊಂಡು ವರ್ಷಗಳಾದವು. 2016ರಲ್ಲಿ ಕೇಂದ್ರ ಸರ್ಕಾರ ವಾಚ್ ಕಂಪನಿಯನ್ನೇ ಮುಚ್ಚುವ ತೀರ್ಮಾನ ಮಾಡಿತು. ಆದರೆ ರಾಯರ ಕಣ್ಣಿನಿಂದ ಲೂಪ್ ಇಳಿಸುವ ಆದೇಶ ಮಾತ್ರ ಯಾವ ಸರ್ಕಾರದಿಂದಲೂ ಬರಲಿಲ್ಲ.

ರಾಯರು ವಾಚ್ ಕೊಳ್ಳುವವರಲ್ಲ, ಬೇರೆಯವರು ಕೊಳ್ಳದ ಹಾಗೆ ನೋಡಿಕೊಳ್ಳುವವರು. ಹಳೇ ವಾಚಿನ ಹುಚ್ಚು ಹತ್ತಿಸಿಕೊಂಡ ಹುಡುಗರು ಆನ್‌ಲೈನಿನಲ್ಲಿ ಏನು ಕಂಡರೂ ಮೊದಲು ಲಿಂಕ್ ಕಳಿಸುವುದು ಇವರಿಗೆ. ಆ ಸಂತೋಷಕ್ಕೇ ಇವರು ದೊಡ್ಡ ಪರದೆಯ ಫೋನ್ ತೆಗೆದುಕೊಂಡಿದ್ದಾರೆ. ಅದರ ಪರದೆಯ ಮೇಲೂ ಭೂತಗನ್ನಡಿ ಹಿಡಿಯುತ್ತಾರೆ. ಬೆರಳಲ್ಲಿ ಹಿಗ್ಗಿಸಿದರೆ ದೊಡ್ಡದಾಗುತ್ತದೆ ಎಂದು ಮೊಮ್ಮಗಳು ಎಷ್ಟು ಸಲ ತೋರಿಸಿಕೊಟ್ಟರೂ ಅವರಿಗೆ ನಂಬಿಕೆಯಿಲ್ಲ. ಮನೆಯವರು ಕಾಫಿ ಇಟ್ಟು ಹೋಗುವಾಗ ಒಂದು ಮಾತು ಹೇಳೇ ಹೋಗುತ್ತಾರೆ: "ಹೆಣ್ಣು ನೋಡೋಕೆ ಬಂದಾಗ ಉಪ್ಪಿಟ್ಟು ಬಿಟ್ಟು ಬೇರೇನೂ ನೋಡಿರ್ಲಿಲ್ಲ ಇವರು."

ಮೊನ್ನೆ ಎದುರುಮನೆಯ ಸಾಫ್ಟ್‌ವೇರ್ ಹುಡುಗ ಫೋನ್ ಹಿಡಿದು ಓಡಿ ಬಂದ. ಸೀಕೊ 5, ಆಟೊಮ್ಯಾಟಿಕ್, 1968ರ ಮಾಡೆಲ್, ನೂರಕ್ಕೆ ನೂರು ಒರಿಜಿನಲ್, ಡಯಲ್ ಕಿತ್ತಳೆ ಬಣ್ಣ, ಬೆಲೆ 1,899 ರೂಪಾಯಿ.

"ಹೊಸದರ ಹಾಗೇ ಹೊಳೀತಿದೆ ಅಂಕಲ್."

"ಅದೇ ಕಣಪ್ಪಾ ರೋಗ," ಅಂದರು ರಾಯರು.

ಐವತ್ತು ವರ್ಷದ ವಾಚಿನ ಮುಖ ಹೊಳೆಯುತ್ತಿದ್ದರೆ ರಾಯರಿಗೆ ಅರವತ್ತರ ಮದುವೆ ಗಂಡಿನ ಕಪ್ಪು ಮೀಸೆಯ ನೆನಪಾಗುತ್ತದೆ. ಹಳೇ ಡಯಲ್‌ನ ಬಣ್ಣ ಕೆರೆದು, ಹೊಸ ಬಣ್ಣ ಬಳಿದು, ಮೇಲೆ ಅಕ್ಷರ ಅಚ್ಚುಹಾಕಿ ಮಾರುವ ಕಸುಬು ನಮ್ಮ ದೇಶದಲ್ಲಿ ಚೆನ್ನಾಗಿ ಬೇರೂರಿದೆ. ಇಂಥ ವಾಚಿಗೆ ಸಂಗ್ರಹಕಾರರು ಪ್ರಪಂಚದಾದ್ಯಂತ 'ಮುಂಬೈ ಸ್ಪೆಷಲ್' ಅಂತಲೇ ಹೆಸರಿಟ್ಟಿದ್ದಾರೆ. ಒಳಗಿನ ಯಂತ್ರ ನಿಜವಾದ ಜಪಾನಿನದೇ ಇರುತ್ತದೆ, ಓಡುತ್ತದೆ, ಟೈಮೂ ತೋರಿಸುತ್ತದೆ. ಸುಳ್ಳು ಇರುವುದು ಮುಖದಲ್ಲಿ.

ರಾಯರು ಮೊದಲು ನೋಡಿದ್ದು ತಾರೀಖಿನ ಕಿಟಕಿ. ಕಾರ್ಖಾನೆಯಲ್ಲಿ ಕತ್ತರಿಸಿದ ಕಿಟಕಿಯ ಅಂಚು ಚೂಪಾಗಿರುತ್ತದೆ. ಇಲ್ಲಿ ಬಣ್ಣ ದಪ್ಪವಾಗಿ ಅಂಚಿನ ಮೇಲೆ ಉರುಳಿತ್ತು. ಆಮೇಲೆ ಗಂಟೆ ತೋರಿಸುವ ಲೋಹದ ಕಡ್ಡಿಗಳು. ಅವುಗಳ ಬುಡದಲ್ಲಿ ಕಿತ್ತಳೆ ಬಣ್ಣ ಹತ್ತಿಕೊಂಡಿತ್ತು. ಕಡ್ಡಿ ಕೀಳದೆಯೇ ಕುಂಚ ಆಡಿಸಿದ್ದಾರೆ ಎಂದು ಅರ್ಥ. ನಿಮಿಷದ ಗೆರೆಗಳೂ ಕಡ್ಡಿಗಳ ನೇರಕ್ಕೆ ಬರದೆ ಅಲ್ಲಲ್ಲಿ ಪಕ್ಕಕ್ಕೆ ಸರಿದು ನಿಂತಿದ್ದವು. ಜಪಾನಿನವರು ಗೆರೆ ತಪ್ಪಿಸುವವರಲ್ಲ ಎಂಬುದು ರಾಯರ ಅಚಲ ನಂಬಿಕೆ. ಸಿಟಿಜನ್‌ನಿಂದ ಬಂದ ಯಾರೋ ಇಂಜಿನಿಯರನ್ನು ನೆನೆಸಿಕೊಂಡು ಅವರು ಕೈಮುಗಿಯುವುದೂ ಉಂಟು.

ಹುಡುಗ ಇನ್ನೂ ಸೋಲಲಿಲ್ಲ. ಆಗ ರಾಯರು ಫೋನ್ ಕಸಿದುಕೊಂಡು ಮಾರುವವನಿಗೆ ತಾವೇ ಸಂದೇಶ ಕಳಿಸಿದರು. ಎಚ್‌ಎಂಟಿಯ ರಾಣಿಬಾಗ್ ಕಾರ್ಖಾನೆಗೆ ಡೆಪ್ಯುಟೇಶನ್ ಮೇಲೆ ಹೋಗಿದ್ದಾಗ ಕಲಿತ ಹಿಂದಿ ಇಂಥ ಹೊತ್ತಿನಲ್ಲಿ ಕೆಲಸಕ್ಕೆ ಬರುತ್ತದೆ. ಕೇಳಿದ್ದು ಮೂರು ಫೋಟೊ: ಡಯಲ್‌ನ ಕೆಳತುದಿ ಹತ್ತಿರದಿಂದ, ಹಿಂದಿನ ಮುಚ್ಚಳ, ಮುಚ್ಚಳ ತೆಗೆದ ಒಳಗಿನ ಯಂತ್ರ. ಡಯಲ್ ಫೋಟೊದಲ್ಲಿ ಮುಳ್ಳುಗಳನ್ನು ನಾಲ್ಕೂ ಮೂವತ್ತೈದಕ್ಕೆ ತಿರುಗಿಸಿಟ್ಟಿರಬೇಕು ಎಂಬುದು ಷರತ್ತು. ಬೇರೆ ಯಾರದೋ ವಾಚಿನ ಫೋಟೊ ಹಾಕಿಕೊಂಡು ಕೂತವನು ಈ ಷರತ್ತಿಗೇ ಮಾಯವಾಗಿಬಿಡುತ್ತಾನೆ.

ಇವನು ಮಾಯವಾಗಲಿಲ್ಲ. "ಅಂಕಲ್‌ಜೀ, ಒರಿಜಿನಲ್ ಹೈ, ಟೆನ್ಶನ್ ಮತ್ ಲೋ" ಎಂಬ ಧೈರ್ಯದ ಜೊತೆ ಮೂರು ಫೋಟೊನೂ ಕಳಿಸಿದ. ರಾಯರಿಗೆ ಅವನ ಮೇಲೆ ಗೌರವ ಹುಟ್ಟಿದ್ದು ಅಲ್ಲಿ.

ಹಳೇ ಸೀಕೊ ವಾಚಿನ ಹಿಂದಿನ ಮುಚ್ಚಳದಲ್ಲಿ ನಾಲ್ಕು ಅಂಕಿ, ಒಂದು ಅಡ್ಡಗೆರೆ, ಮತ್ತೆ ನಾಲ್ಕು ಅಂಕಿ ಕೆತ್ತಿರುತ್ತಾರೆ. ಮೊದಲ ನಾಲ್ಕು ಒಳಗಿನ ಯಂತ್ರದ ನಂಬರು, ಆಮೇಲಿನದು ಕವಚದ್ದು. ಯಂತ್ರದ ನಂಬರೇ ಡಯಲ್‌ನ ಕೆಳತುದಿಯಲ್ಲೂ ಇರುವೆ ಗಾತ್ರದಲ್ಲಿ ಅಚ್ಚಾಗಿರುತ್ತದೆ. ಒಳಗಿನ ಯಂತ್ರದ ಮೇಲೂ ಅದೇ ಇರಬೇಕು. ಮೂರೂ ಕಡೆ ಒಂದೇ ಹೇಳಿಕೆ ಸಿಕ್ಕರೆ ಸಾಕ್ಷಿ ಗಟ್ಟಿ. ಈ ವಾಚಿನ ಬೆನ್ನು 7009 ಅಂದಿತು, ಒಳಗಿನ ಯಂತ್ರವೂ 7009 ಅಂದಿತು, ಮುಖ ಮಾತ್ರ 6119 ಎಂದು ಹಟ ಹಿಡಿದಿತ್ತು. ಬಣ್ಣ ಬಳಿದ ಪುಣ್ಯಾತ್ಮ ಕೈಗೆ ಸಿಕ್ಕ ಅಚ್ಚನ್ನು ಒತ್ತಿದ್ದ.

"ಇರಲಿ ಅಂಕಲ್, 1968 ಅನ್ನೋದಾದ್ರೂ ನಿಜಾನಾ?"

ರಾಯರಿಗೆ ಬೇಕಾಗಿದ್ದ ಪ್ರಶ್ನೆ ಇದೇ. ಮುಚ್ಚಳದ ಮೇಲೆ ಆರು ಸ್ಥಾನದ ಸೀರಿಯಲ್ ನಂಬರು ಬೇರೆ ಇತ್ತು. ಅದರಲ್ಲಿ ಮೊದಲನೆಯದು ಇಸವಿಯ ಕೊನೇ ಅಂಕಿ, ಎರಡನೆಯದು ತಿಂಗಳು. ಒಂದರಿಂದ ಒಂಬತ್ತು ಅಂದರೆ ಜನವರಿಯಿಂದ ಸೆಪ್ಟೆಂಬರ್. ಅಕ್ಟೋಬರಿಗೆ ಓ ಅಥವಾ ಸೊನ್ನೆ, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ. ಇದರಲ್ಲಿ ಮೊದಲು 8, ಆಮೇಲೆ ಎನ್. ನವೆಂಬರ್ ತಿಂಗಳು, ಎಂಟರಲ್ಲಿ ಮುಗಿಯುವ ಯಾವುದೋ ಇಸವಿ.

"ನೋಡಿದ್ರಾ, 68!" ಎಂದ ಹುಡುಗ.

"ಕೂತ್ಕೋ. ಯಾವ ದಶಕ ಅಂತ ಈ ನಂಬರು ಹೇಳೋದಿಲ್ಲ, ಯಂತ್ರವನ್ನ ಕೇಳಬೇಕು. 7009 ಹುಟ್ಟಿದ್ದೇ ಎಪ್ಪತ್ತರ ದಶಕದ ಮಧ್ಯದಲ್ಲಿ. ಹುಟ್ಟೋಕೆ ಮುಂಚೆ ಅದು ಹೇಗಪ್ಪಾ ಓಡುತ್ತೆ? 78 ಇರಬೇಕು, ಇಲ್ಲಾ 88."

ಇಷ್ಟಾದರೂ ರಾಯರು ಪೂರ್ತಿ ತೀರ್ಪು ಕೊಡಲಿಲ್ಲ. ಮುಚ್ಚಳ ಬೇರೆ ವಾಚಿನಿಂದ ಬಂದಿರಬಹುದು, ಹಾಗಾದರೆ ಸೀರಿಯಲ್ ನಂಬರೂ ಅದರದ್ದೇ ತಾರೀಖು ಹೇಳುತ್ತಿರುತ್ತದೆ. ನಂಬರುಗಳೆಲ್ಲ ಹೊಂದಿದರೂ ಮುಳ್ಳು, ತಿರುಪು, ಗಾಜು ಯಾರ ಮನೆಯವೋ ಫೋಟೊದಲ್ಲಿ ಗೊತ್ತಾಗುವುದಿಲ್ಲ. ತಿರುಪು ಒಂದನ್ನಾದರೂ ನೋಡಬಹುದು. ಸೀಕೊ 5ರ ತಿರುಪು ಸಾಮಾನ್ಯವಾಗಿ ನಾಲ್ಕು ಗಂಟೆಯ ದಿಕ್ಕಿನಲ್ಲಿ ಕವಚದೊಳಗೆ ಹುದುಗಿ ಕೂತಿರುತ್ತದೆ. ಇದರಲ್ಲಿ ಅಲ್ಲೇ ಇತ್ತು, ಆದರೆ ಗಾತ್ರ ಹೆಚ್ಚಾಗಿ ಹೊರಗೆ ಇಣುಕುತ್ತಿತ್ತು. ಬೇರೆ ವಾಚಿನದು ಎಂದರು ರಾಯರು. ಭೂತಗನ್ನಡಿ ಕೆಳಗಿಟ್ಟಿದ್ದು ಆಗಲೇ.

ಎಚ್‌ಎಂಟಿ ವಿಷಯ ಎತ್ತಿದರೆ ಮಾತ್ರ ಮನುಷ್ಯ ಬೇರೆಯೇ ಆಗಿಬಿಡುತ್ತಾರೆ. ಕಾರ್ಖಾನೆ ಮುಚ್ಚಿದ ಮೇಲೆ ಜನತಾ, ಪೈಲಟ್‌ಗಳಿಗೆ ಬೇಡಿಕೆ ಏರಿತು, ಬಣ್ಣದವರ ಕುಂಚ ಅತ್ತಲೂ ಹೊರಳಿತು. ಕಪ್ಪು ಡಯಲ್, ದೊಡ್ಡ ಅಂಕಿಗಳ ಪೈಲಟ್ ನೋಡಿ ಬೆಳೆದ ರಾಯರಿಗೆ ಗಿಳಿಹಸಿರು ಪೈಲಟ್‌ನ ಜಾಹೀರಾತು ತೋರಿಸಿದರೆ ಅವತ್ತು ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗುತ್ತಾರೆ.

ಹುಡುಗ ಕೊನೆಗೆ ಕೇಳಿದ, "ತಗೊಳ್ಳೋದಾ, ಬೇಡ್ವಾ?"

"ಯಂತ್ರ ಚೆನ್ನಾಗಿದೆ. ಕೈಗೆ ಕಟ್ಕೊಳ್ಳೋಕೆ ಅಂದ್ರೆ ತಗೋ. ಹಳೇ ಒರಿಜಿನಲ್ ಅಂತ ಪೆಟ್ಟಿಗೇಲಿ ಇಡೋಕೆ ಅಂದ್ರೆ ಬೇಡ. ಬಣ್ಣ ಹೊಡೆದ ವಾಚು ಅಂತ ಹೇಳಿ ಸಾವಿರದ ಇನ್ನೂರಕ್ಕೆ ಕೇಳು."

ಮಾರುವವನು ಮರುಮಾತಿಲ್ಲದೆ ಒಪ್ಪಿದ. ಅಷ್ಟು ಬೇಗ ಒಪ್ಪಿದ್ದಕ್ಕೆ ರಾಯರು ಮೂರು ದಿನ ಕೊರಗಿದರು, ಒಂಬೈನೂರಕ್ಕೆ ಕೇಳಬೇಕಿತ್ತಂತೆ.

ನಿಮಗೂ ಇಂಥದೊಂದು ಲಿಂಕ್ ಬಂದಿದ್ದರೆ ನಿಮ್ಮ ಬೀದಿಯ ರಾಯರಿಗೆ ಧಾರಾಳವಾಗಿ ಕಳಿಸಿ. ಡಯಲ್ ಕೆಳತುದಿ, ಹಿಂದಿನ ಮುಚ್ಚಳ, ಒಳಗಿನ ಯಂತ್ರ, ಮೂರೂ ಫೋಟೊ ಜೊತೆಗಿರಲಿ. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಮಾತ್ರ ಕಳಿಸಬೇಡಿ, ಅದು ಅವರು ನಿದ್ದೆ ಮಾಡುವ ಹೊತ್ತು.