ಬಾಯಿ ಬಿಟ್ಟು ಓದಪಾ

ಬೇಲಿಯ ಆಚೆ ಕಡೆಯ ಹುಡುಗ ಹಾಲಿನ ಸೊಸಾಯಿಟಿಯ ಕಾರ್ಯದರ್ಶಿ. ವಾರ್ಷಿಕ ಸಭೆಗೆ ವರದಿ ಬರೆದು, ಹಾಳೆಗಳನ್ನು ಬೇಲಿಯ ಮೇಲಿಂದ ಚಾಚಿದ.

“ಕಾಕಾ, ಒಂದಿಷ್ಟು ಕಣ್ಣಾಡಸ್ರಿ. ನಾ ನಾಕ ಸಲ ಓದೇನಿ, ಬರೋಬರಿ ಐತಿ.”

“ಬಾಯಿ ಬಿಟ್ಟು ಓದಿಯೇನಪಾ?”

“ಇಲ್ರಿ, ಮನಸಿನ್ಯಾಗ.”

“ಮಂದಿ ಕಿವಿಲೇ ಕೇಳೋದನ್ನ ನೀ ಕಣ್ಣಿಲೆ ಓದಿ ಬರೋಬರಿ ಅಂತೀಯಲ್ಲೋ! ಓದು, ಇಲ್ಲೇ ನಿಂತ ಕೇಳ್ತೀನಿ.”

ಓದಿದ. “ನಮ್ಮ ಸಂಘದ ಕಳೆದ ವರ್ಷದ ಸರ್ವಸಾಧಾರಣ ಸಭೆಯ ನಿರ್ಣಯದ ಪ್ರಕಾರ ಗ್ರಾಮದ ಹಾಲು ಉತ್ಪಾದಕರ ಅನುಕೂಲಕ್ಕಾಗಿ ಖರೀದಿಸಲಾಗಿರುವ...” ಇಲ್ಲಿಗೆ ಉಸಿರು ಮುಗಿಯಿತು. ಏನನ್ನು ಖರೀದಿಸಿದರು ಎಂಬುದು ಇನ್ನೂ ಬಂದಿಲ್ಲ. ಒಂದು ಗುಟುಕು ಗಾಳಿ ಎಳೆದುಕೊಂಡು ಮುಗಿಸಿದ: “...ಹಾಲಿನ ಜಿಡ್ಡಿನ ಅಂಶ ಅಳೆಯುವ ಯಂತ್ರವು ಉಪಯುಕ್ತವಾಗಿದೆ.”

ಕಣ್ಣಿಗೆ ಈ ವಾಕ್ಯದ ತೊಂದರೆ ಗೊತ್ತಾಗುವುದಿಲ್ಲ. ಅದು ಮುಂದೆ ಜಿಗಿದು “ಯಂತ್ರ”ವನ್ನು ಮೊದಲೇ ನೋಡಿಬಿಟ್ಟಿರುತ್ತದೆ, ಬೇಕಾದರೆ ಹಿಂದಕ್ಕೂ ಬರುತ್ತದೆ. ಕಿವಿಗೆ ಆ ಸವಲತ್ತಿಲ್ಲ. ಕನ್ನಡದಲ್ಲಿ ವಿಶೇಷಣಗಳೆಲ್ಲ ಹೆಸರಿಗಿಂತ ಮೊದಲೇ ಕೂಡುತ್ತವೆ, ಕ್ರಿಯಾಪದ ಕೊನೆಗೆ. ಹಾಗಾಗಿ ಕೇಳುವವನು ಇಷ್ಟೂ ಮಾತನ್ನು ಯಾವುದರ ಬಗ್ಗೆ ಎಂದು ತಿಳಿಯದೆ ಹೊತ್ತುಕೊಂಡು ಕೂರಬೇಕು. ಅದರ ಮೇಲೆ ಸಂಘದ, ವರ್ಷದ, ನಿರ್ಣಯದ, ಗ್ರಾಮದ ಎಂದು ದ-ದ-ದ.

“ಇದನ್ನ ಕಟ್ಟಿಮ್ಯಾಲೆ ಕುಂತು ಹೇಳೋದಾದ್ರ ಹೆಂಗ ಹೇಳ್ತೀ?”

“ಹೋದ ವರ್ಷದ ಸಭಾದಾಗ ಫ್ಯಾಟ್ ನೋಡೋ ಮಶೀನ್ ತರಬೇಕಂತ ಠರಾವು ಮಾಡಿದ್ವಿ. ತಂದೇವಿ. ಉಪಯೋಗ ಆಗೇತಿ.”

ಮೂರು ವಾಕ್ಯ, ಮೂರು ಉಸಿರು. ವರದಿಗೆ ತಕ್ಕಂತೆ ಗ್ರಾಂಥಿಕ ಮಾಡಿದರೂ ಆ ಕ್ರಮ ಉಳಿಯಲಿ ಎಂದೆ.

ಮುಂದೆ ಇನ್ನೊಂದು ಮಜಾ. ಹಾಳೆಯಲ್ಲಿ “ಬೋನಸ್ ನೀಡಲಾಗುವುದು” ಎಂದಿತ್ತು, ಹುಡುಗನ ಬಾಯಲ್ಲಿ “ಬೋನಸ್ ಕೊಡ್ತೀವಿ” ಎಂದು ಬಂತು. ಬರೆದದ್ದನ್ನು ಬಾಯಿ ಒಪ್ಪದೆ ತಾನೇ ತಿದ್ದಿಕೊಂಡಿತು. ಅವನಿಗದು ಗೊತ್ತೇ ಆಗಲಿಲ್ಲ. ನನ್ನನ್ನು ಕೇಳಿದರೆ ಗಟ್ಟಿಯಾಗಿ ಓದುವುದರ ಅರ್ಧ ಲಾಭ ಇಲ್ಲಿದೆ. ಆದರೆ ಇದು ಓದುವವನಿಗೆ ಸಿಗುವುದಿಲ್ಲ. ಪಕ್ಕದಲ್ಲಿ ಹಾಳೆಯ ಪ್ರತಿ ಹಿಡಿದು ಕೂತವರು, ನಾಲಿಗೆ ತಪ್ಪಿದಲ್ಲೆಲ್ಲ ಗೀಟು ಹಾಕಬೇಕು. ಗೀಟು ಬಿದ್ದದ್ದನ್ನೆಲ್ಲ ಬದಲಿಸಬೇಕೆಂದಿಲ್ಲ, ಠರಾವು ಪುಸ್ತಕದ ಭಾಷೆಗೆ ಅದರದೇ ಬಿಗಿ ಬೇಕು. ಆದರೂ “ನೀಡಲಾಗುವುದು” ಎಂದರೆ ಸಭೆಯಲ್ಲಿ ಹಿಂದಿನ ಸಾಲಿನಿಂದ “ಯಾರು ಕೊಡ್ತೀರಿ, ಯಾವಾಗ?” ಎಂಬ ಪ್ರಶ್ನೆ ಬಂದೇ ಬರುತ್ತದೆ.

ಅಂಕಿಗಳದೂ ಅಷ್ಟೆ. 2,47,350 ಲೀ. ಎಂಬುದನ್ನು ಕಣ್ಣು ಒಂದು ಚಿತ್ರದಂತೆ ನೋಡಿ ದಾಟುತ್ತದೆ. ಬಾಯಿ ಅದನ್ನು ಪೂರ್ತಿ ಹೇಳಬೇಕು. “ಸುಮಾರು ಎರಡೂವರೆ ಲಕ್ಷ ಲೀಟರ್” ಎಂದು ಓದಿ, ಪಕ್ಕಾ ಅಂಕಿ ತಖ್ತೆಯಲ್ಲಿರಲಿ.

“ಇನ್ನ ಮುಗೀತಲ್ರಿ?”

“ಇಲ್ಲಪಾ. ಈಗ ನಿನ್ನ ಮಗಳನ್ನ ಕರಿ. ಆಕಿ ಇದನ್ನ ನೋಡಿಲ್ಲಲ್ಲ?”

ಬರೆದವನ ಓದಿಗೆ ಒಂದು ದೋಷವಿದೆ: ಅರ್ಥ ಮೊದಲೇ ಗೊತ್ತಿರುವುದರಿಂದ ದನಿಯಲ್ಲೇ ತೇಪೆ ಹಾಕುತ್ತಾನೆ. “ಹೊಸ ಸದಸ್ಯರ ಎಮ್ಮೆಗಳಿಗೆ ವಿಮೆ” ಎಂಬಲ್ಲಿ ಅವನು “ಹೊಸ” ಆದಮೇಲೆ ತುಸು ನಿಂತು ಸಲೀಸಾಗಿ ದಾಟಿದ್ದ. ಹುಡುಗಿ “ಹೊಸ ಸದಸ್ಯರ” ಎಂದು ಒಟ್ಟಿಗೆ ಓದಿದಳು. ಹೊಸದಾಗಿ ಬಂದದ್ದು ಸದಸ್ಯರೋ ಎಮ್ಮೆಯೋ? ಎಮ್ಮೆಯಂತೆ! ಹಳೇ ಸದಸ್ಯರು ಕೇಳಿದ್ದರೆ ಸಭೆಯಲ್ಲಿ ಗದ್ದಲವೇ ಆಗುತ್ತಿತ್ತು. “ಸದಸ್ಯರು ಈ ವರ್ಷ ಕೊಂಡ ಎಮ್ಮೆಗಳಿಗೆ” ಎಂದು ತಿದ್ದಿದೆವು.

“ಇಷ್ಟೆಲ್ಲ ಯಾರ ನೋಡ್ತಾರ ಕಾಕಾ?”

“ನಮ್ಮೂರಾಗ ನಿಂತು ಈ ಮಾತಾಡ್ತೀಯಲ್ಲ! ನಮ್ಮ ಆನಂದವನದಿಂದ 1907ರಾಗ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ಶುರುವಾತು. ಗಳಗನಾಥರು ಅದಕ್ಕ ಕಾದಂಬರಿ ಬರದ್ರು. ತಮ್ಮ ಪುಸ್ತಕ ತಾವ ಹೊತಗೊಂಡು ಊರೂರು ತಿರುಗಿ ಮಾರಿದ ಮನಶಾ ಅವರು. ಓದಾಕ ಬರೋರು ಕಡಿಮಿ ಇದ್ದ ಕಾಲ. ಪಡಸಾಲ್ಯಾಗ ಒಬ್ಬಾಂವ ಓದ್ತಿದ್ದ, ಉಳದವ್ರು ಕೇಳ್ತಿದ್ರು. ಆ ಮಂದಿಗೆ ಉಸಿರು ಹಿಡಿಯೋ ವಾಕ್ಯ ನಡೀತಿತ್ತೇನು?”

ಹುಡುಗ ಹಾಳೆ ಮಡಚಿಕೊಂಡ. ಅಷ್ಟರಲ್ಲಿ ಮಗಳು ಬಗ್ಗಿ ನೋಡಿ, “ಅಪ್ಪಾ, ‘ವಿಶೇಷ’ದಾಗ ಎರಡೂ ಕಡೆ ಶಕಾರ ಹಾಕೀದಿ” ಎಂದಳು. ಗಟ್ಟಿಯಾಗಿ ಓದಿದಾಗ ಇಬ್ಬರ ಕಿವಿಗೂ ಅದು ಬಿದ್ದಿರಲಿಲ್ಲ; ನಮ್ಮ ಕಡೆ ಬಾಯಿಗೆ ಶ, ಷ ಎರಡೂ ಒಂದೇ. ಅದಕ್ಕೆ ಮತ್ತೆ ಕಣ್ಣೇ ಬೇಕು.

“ಹಂಗಾರ ಮತ್ತ ಮನಸಿನ್ಯಾಗ ಓದಬೇಕಲ್ರಿ?”

“ಓದು. ಆದ್ರ ಕಡೀಕ.”